ಟೈಲ್ಸ್ ಬಾತ್‌ರೂಮ್ ರೆಂಡರ್ ನಿಜ ಅನ್ನಿಸದಿದ್ದಾಗ: ಕನ್ನಡಿ, ಗ್ರೌಟ್, ಒದ್ದೆ ನೆಲದ ದೋಷ ಹುಡುಕುವ ಕೈಪಿಡಿ

ಟೈಲ್ಸ್ ಅಂಗಡಿಯಲ್ಲಿ ಗಿರಾಕಿ ರೆಂಡರ್ ನೋಡಿ "ಏನೋ ಸರಿ ಇಲ್ಲ" ಅಂತಾರೆ. ಏನು ಸರಿ ಇಲ್ಲ ಅಂತ ಹೇಳೋಕೆ ಅವರಿಗೆ ಆಗೋದಿಲ್ಲ, ಹೇಳಬೇಕಾಗಿಯೂ ಇಲ್ಲ. ಅದನ್ನು ಹುಡುಕಬೇಕಾದವರು ನಾವು. ನಾನು ಇಂಥ ಅಂಗಡಿಗಳಿಗೆ ಬಾತ್‌ರೂಮ್ ಚಿತ್ರ ಮಾಡಿಕೊಡುತ್ತೇನೆ. ಮೊದಮೊದಲು ದೋಷ ಕಂಡಾಗೆಲ್ಲ ಟೈಲ್‌ನ ಮೆಟೀರಿಯಲ್ ಅನ್ನೇ ತಿದ್ದುತ್ತಾ ಕೂರುತ್ತಿದ್ದೆ. ಹೆಚ್ಚಿನ ಸಲ ತಪ್ಪು ಅಲ್ಲಿ ಇರಲೇ ಇಲ್ಲ. ಹೊಳೆಯುವ ಟೈಲ್ ತನ್ನ ಎದುರಿಗೆ ಇರುವುದನ್ನು ತೋರಿಸುತ್ತದೆ. ಎದುರಿಗೆ ಇರುವುದು ತಪ್ಪಾಗಿದ್ದರೆ, ಅಥವಾ ಅಳತೆ ತಪ್ಪಾಗಿದ್ದರೆ, ಮೆಟೀರಿಯಲ್ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ.

ಒಂದೇ ಬಾತ್‌ರೂಮ್ ಇಟ್ಟುಕೊಂಡು ಹೇಳುತ್ತೇನೆ. ಕೋಣೆ 8 ಅಡಿಗೆ 5 ಅಡಿ, ಅಂದರೆ 2440 ಮಿ.ಮೀ.ಗೆ 1520 ಮಿ.ಮೀ. ಉದ್ದದ ಗೋಡೆಯಲ್ಲಿ ವಾಶ್ ಬೇಸಿನ್, ಅದರ ಮೇಲೆ ಕನ್ನಡಿ. ಚಿಕ್ಕ ಗೋಡೆಯಲ್ಲಿ ಒಂದು ಕಿಟಕಿ. ಗೋಡೆಗೆ 600×300 ಬಿಳಿ ಗ್ಲಾಸಿ ಟೈಲ್, ಅಡ್ಡಡ್ಡ ಕೂರಿಸಿದ್ದು, 2 ಮಿ.ಮೀ. ಗ್ರೌಟ್. ನೆಲಕ್ಕೆ 300×300 ಮ್ಯಾಟ್ ಆಂಟಿ ಸ್ಕಿಡ್. ಸಾಫ್ಟ್‌ವೇರ್ ಬ್ಲೆಂಡರ್ 4ರ ಸಾಲಿನದು, ರೆಂಡರ್ ಸೈಕಲ್ಸ್‌ನಲ್ಲಿ. ಬೇರೆ ಸಾಫ್ಟ್‌ವೇರ್ ಬಳಸುವವರಿಗೆ ಮೆನು ಹೆಸರು ಬೇರೆ ಇರುತ್ತದೆ, ಕಾರಣಗಳು ಇವೇ.

ಶುರು ಮಾಡುವ ಮುಂಚೆ ಫೈಲ್‌ನ ಒಂದು ಪ್ರತಿ ಬೇರೆ ಹೆಸರಲ್ಲಿ ಉಳಿಸಿ. ರೆಸಲ್ಯೂಷನ್ 50%ಗೆ ಇಳಿಸಿ, ಸ್ಯಾಂಪಲ್ 128 ಸಾಕು. ಕ್ಯಾಮೆರಾ ನೋಟದಲ್ಲಿ `Ctrl+B` ಒತ್ತಿ ದೋಷ ಇರುವ ಜಾಗದ ಸುತ್ತ ಮಾತ್ರ ಚೌಕ ಎಳೆಯಿರಿ, ಅಷ್ಟೇ ರೆಂಡರ್ ಆಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗೋದಿಲ್ಲ.

## ಕನ್ನಡಿ ಕಪ್ಪಾಗಿದೆ, ಅಥವಾ ಬೂದು ಬಣ್ಣಕ್ಕಿದೆ

ಇಲ್ಲಿಂದಲೇ ಶುರು ಮಾಡಿ, ಯಾಕೆಂದರೆ ಇದು ಎಲ್ಲಕ್ಕಿಂತ ಸುಲಭ. ಇಲ್ಲಿ ಸಿಗುವ ಉತ್ತರ ಟೈಲ್‌ಗೂ ಬೇಕಾಗುತ್ತದೆ.

ಮೊದಲು ಕ್ಯಾಮೆರಾದ ಹಿಂದೆ ಏನಿದೆ ನೋಡಿ. ನಮ್ಮ ಕೋಣೆಯ ಅಗಲ 1520 ಮಿ.ಮೀ. ಇಡೀ ಬೇಸಿನ್ ಗೋಡೆ ಚಿತ್ರದಲ್ಲಿ ಬರಬೇಕಾದರೆ ಕ್ಯಾಮೆರಾ ಸುಮಾರು 2 ಮೀಟರ್ ದೂರ ಇರಬೇಕು. ಅಂದರೆ ಅದು ಎದುರು ಗೋಡೆಯ ಆಚೆ, ಕೋಣೆಯ ಹೊರಗೆ ನಿಂತಿದೆ. ಎಲ್ಲರೂ ಮಾಡುವುದೇನೆಂದರೆ ಆ ಎದುರು ಗೋಡೆಯನ್ನು ಅಳಿಸಿಬಿಡುವುದು. ಆಗ ಕನ್ನಡಿಗೆ ತೋರಿಸೋಕೆ ಏನೂ ಇಲ್ಲ. ಶೂನ್ಯವನ್ನೇ ತೋರಿಸುತ್ತದೆ, ಅದು ಬೂದು ಅಥವಾ ಕಪ್ಪು. ಕನ್ನಡಿ ಸರಿಯಾಗಿಯೇ ಕೆಲಸ ಮಾಡುತ್ತಿದೆ.

ಪರಿಹಾರಕ್ಕೆ ಖರ್ಚಿಲ್ಲ. ಗೋಡೆಯನ್ನು ವಾಪಸ್ ತಂದು, ಟೈಲ್ ಹಾಕಿ, ಬಾಗಿಲು ಕೂರಿಸಿ. ಆಮೇಲೆ ಆ ಗೋಡೆಯನ್ನು ಆರಿಸಿ `Object Properties > Visibility > Ray Visibility` ಒಳಗೆ `Camera` ಗುರುತು ತೆಗೆಯಿರಿ. ಕ್ಯಾಮೆರಾಗೆ ನೇರವಾಗಿ ಅದು ಕಾಣೋದಿಲ್ಲ, ಕನ್ನಡಿಗೂ ಟೈಲ್‌ಗಳಿಗೂ ಕಾಣುತ್ತದೆ. ಕೋಣೆಯ ಬೆಳಕೂ ನಿಜದ ಹಾಗೆ ನಾಲ್ಕು ಗೋಡೆಯ ನಡುವೆ ಪುಟಿಯುತ್ತದೆ. ಬಾಗಿಲ ಹಿಂದೆ ನೇತುಹಾಕಿದ ಒಂದು ಟವೆಲ್ ಇಟ್ಟರೂ ಕನ್ನಡಿಗೆ ಜೀವ ಬರುತ್ತದೆ.

ಹೀಗೆ ಮಾಡಿದ ಮೇಲೂ ಕನ್ನಡಿಯಲ್ಲಿ ಕಪ್ಪು ಮಚ್ಚೆಗಳು, ಪಟ್ಟೆಗಳು ಕಂಡರೆ ಕಾರಣ ಬೇರೆ. ಕನ್ನಡಿಯ ಮೇಲ್ಮೈ ಮತ್ತು ಗೋಡೆಯ ಮೇಲ್ಮೈ ಒಂದೇ ಜಾಗದಲ್ಲಿ ಕೂತಿವೆ. ಯಾವುದು ಮುಂದೆ ಅಂತ ರೆಂಡರ್‌ಗೆ ತಿಳಿಯುತ್ತಿಲ್ಲ. ಕನ್ನಡಿಯನ್ನು 5 ಮಿ.ಮೀ. ಮುಂದೆ ತನ್ನಿ. ನಿಜವಾದ ಕನ್ನಡಿಯೂ ಗೋಡೆಯಿಂದ ಅಷ್ಟು ಮುಂದೆಯೇ ಇರುತ್ತದೆ, ಅಲ್ವಾ.

ಮೂರನೆಯ ಲಕ್ಷಣ: ಎದುರೆದುರು ಎರಡು ಕನ್ನಡಿ, ಅಥವಾ ಕನ್ನಡಿ ಮತ್ತು ತುಂಬಾ ಹೊಳೆಯುವ ಟೈಲ್. ಪ್ರತಿಬಿಂಬದೊಳಗಿನ ಪ್ರತಿಬಿಂಬ ಮೂರು ನಾಲ್ಕು ಸಲ ಸರಿಯಾಗಿ ಕಂಡು, ಆಮೇಲೆ ಥಟ್ಟನೆ ಕಪ್ಪು. ಇದು `Light Paths` ಒಳಗಿನ `Glossy` ಮಿತಿ. ಸೈಕಲ್ಸ್‌ನಲ್ಲಿ ಅದು ಮೊದಲಿಂದ 4 ಇರುತ್ತದೆ. 8 ಮಾಡಿ. ಒಟ್ಟು ಮಿತಿ `Total` 12 ಇದ್ದೇ ಇದೆ, ಅದು ಸಾಕು. 32 ಅಂತೆಲ್ಲ ಏರಿಸಬೇಡಿ, ಸಮಯ ಹಾಳು.

ಕನ್ನಡಿಗೆ ಗಾಜಿನ ದಪ್ಪ ಕೊಟ್ಟು, ಹಿಂದೆ ಬೆಳ್ಳಿ ಪದರ ಕೊಟ್ಟು ಮಾಡುವವರಿದ್ದಾರೆ. ನಿಜದ ಕನ್ನಡಿ ಹಾಗೇ ಇರುವುದು, ಒಪ್ಪುತ್ತೇನೆ. ಆದರೆ ಕೋಣೆಯ ಚಿತ್ರದಲ್ಲಿ ಅದರಿಂದ ಕಪ್ಪು ಅಂಚು, ಹೆಚ್ಚು ಕಾಳು ಕಾಳು ಬಿಟ್ಟು ಬೇರೇನೂ ಸಿಗೋದಿಲ್ಲ. ಒಂದೇ ಹಾಳೆ, `Metallic` 1, `Roughness` 0, ಬಣ್ಣ 0.9ರ ಹತ್ತಿರ. ಅಂಚಿಗೆ ಬೇಕಾದರೆ ತೆಳುವಾದ ಒಂದು ಪಟ್ಟಿ ಕೂರಿಸಿ.

## ಟೈಲ್ ಹೊಳೆಯುತ್ತಿದೆ, ಆದರೆ ಟೈಲ್ ಅನ್ನಿಸುತ್ತಿಲ್ಲ

ಗಿರಾಕಿ ಜಾಸ್ತಿ ಹೇಳುವ ದೂರು ಇದೇ. "ಪ್ಲಾಸ್ಟಿಕ್ ಥರ ಇದೆ", "ವಾಲ್‌ಪೇಪರ್ ಥರ ಇದೆ", "ಗಾಜಿನ ಮೇಲೆ ಗೆರೆ ಎಳೆದ ಹಾಗಿದೆ" ಅನ್ನುತ್ತಾರೆ. ಮೂರೂ ಒಂದೇ ದೂರಿನ ಹಾಗೆ ಕೇಳಿಸುತ್ತವೆ. ಆದರೆ ಒಂದೊಂದಕ್ಕೂ ಕಾರಣ ಬೇರೆ.

ವಾಲ್‌ಪೇಪರ್ ಥರ ಇದ್ದರೆ ಕ್ಯಾಮೆರಾವನ್ನು ಅರ್ಧ ಮೀಟರ್ ಪಕ್ಕಕ್ಕೆ ಸರಿಸಿ ಇನ್ನೊಂದು ರೆಂಡರ್ ಮಾಡಿ. ಟೈಲ್ ಮೇಲಿನ ಹೊಳಪು ಕ್ಯಾಮೆರಾ ಜೊತೆ ಸರಿಯಿತಾ, ಇದ್ದಲ್ಲೇ ಇತ್ತಾ? ಇದ್ದಲ್ಲೇ ಇದ್ದರೆ ಆ ಹೊಳಪು ಟೈಲ್‌ನ ಫೋಟೊದಲ್ಲೇ ಅಚ್ಚಾಗಿದೆ. ಕಂಪನಿಯ ಕ್ಯಾಟಲಾಗ್‌ನಿಂದ ತೆಗೆದ ಚಿತ್ರಗಳಲ್ಲಿ ಇದು ತುಂಬಾ ಸಾಮಾನ್ಯ. ಅದನ್ನು ತಿದ್ದುತ್ತಾ ಕೂರಬೇಡಿ. ಡೀಲರ್ ಮೂಲಕ ಟೈಲ್‌ನ ಪ್ರಿಂಟ್ ಡಿಸೈನ್ ಫೈಲ್ ಅಥವಾ ಸ್ಕ್ಯಾನ್ ಕೇಳಿ. ಗುಜರಾತಿನ ಮೊರ್ಬಿ ಕಡೆಯ ತಯಾರಕರು ಡಿಸೈನ್ ಅನ್ನು ಡಿಜಿಟಲ್ ಪ್ರಿಂಟ್ ಮಾಡುವುದರಿಂದ ಹೊಳಪಿಲ್ಲದ ಮೂಲ ಚಿತ್ರ ಅವರ ಹತ್ತಿರ ಇರುತ್ತದೆ.

ಪ್ಲಾಸ್ಟಿಕ್ ಥರ ಇದ್ದರೆ, ಅಥವಾ ದೀಪ ಒಂದು ಕಡೆ ಇದ್ದು ಅದರ ಹೊಳಪು ಇನ್ನೆಲ್ಲೋ ಬಿದ್ದಿದ್ದರೆ, ಚಿತ್ರಗಳ ಕಲರ್ ಸ್ಪೇಸ್ ನೋಡಿ. ಟೈಲ್‌ನ ಬಣ್ಣದ ಚಿತ್ರ `sRGB` ಆಗಿರಬೇಕು. ರಫ್‌ನೆಸ್ ಮತ್ತು ನಾರ್ಮಲ್ ಚಿತ್ರಗಳು `Non-Color` ಆಗಿರಬೇಕು. ಅವು ನಿಜವಾಗಿ ಚಿತ್ರಗಳಲ್ಲ, ಅಳತೆಗಳು. ನಾರ್ಮಲ್ ಮ್ಯಾಪ್‌ನಲ್ಲಿ ಸಪಾಟಾದ ಜಾಗಕ್ಕೆ 0.5 ಅಂತ ಬರೆದಿರುತ್ತದೆ. ಅದನ್ನು `sRGB` ಅಂತ ಓದಿದರೆ ಸುಮಾರು 0.21 ಆಗುತ್ತದೆ. ಆಗ ಇಡೀ ಗೋಡೆ ಓರೆಯಾಗಿದೆ ಅಂತ ಸೈಕಲ್ಸ್ ತಿಳಿಯುತ್ತದೆ. ರಫ್‌ನೆಸ್ ಮ್ಯಾಪ್‌ನಲ್ಲೂ ಹೀಗೇ, ಬೇಕಾದ್ದಕ್ಕಿಂತ ನುಣುಪಾಗಿ ಬರುತ್ತದೆ. ಎಲ್ಲವನ್ನೂ ಒಂದೇ ಸಲ ನೋಡಲು `Scripting` ಟ್ಯಾಬ್‌ನಲ್ಲಿ ಇದನ್ನು ಓಡಿಸಿ. ಪಟ್ಟಿ ಸಿಸ್ಟಮ್ ಕನ್ಸೋಲ್‌ನಲ್ಲಿ ಬರುತ್ತದೆ:

```python
import bpy
for img in bpy.data.images:
    print(img.name, "->", img.colorspace_settings.name)
```

ನಾರ್ಮಲ್ ಮ್ಯಾಪ್‌ನ ಇನ್ನೊಂದು ಗುರುತು ಇದೆ. ಉದ್ದುದ್ದ ಗ್ರೌಟ್ ಗೆರೆಗಳು ಒಳಗಿವೆ, ಅಡ್ಡ ಗೆರೆಗಳು ಮಾತ್ರ ಉಬ್ಬಿದ ಹಾಗೆ ಕಾಣುತ್ತವೆ. ಆ ಮ್ಯಾಪ್ ಬೇರೆ ಪದ್ಧತಿಯಲ್ಲಿ ಮಾಡಿದ್ದು, ಹಸಿರು ಚಾನೆಲ್ ತಲೆಕೆಳಗಾಗಿದೆ. ಹಸಿರನ್ನು ಮಾತ್ರ `Invert` ಮಾಡಿದರೆ ಸರಿಹೋಗುತ್ತದೆ.

ಗಾಜಿನ ಮೇಲೆ ಗೆರೆ ಎಳೆದ ಹಾಗಿದ್ದರೆ ಸ್ವಲ್ಪ ನಿಂತು ಓದಿ. ನನ್ನ ಪ್ರಕಾರ ಟೈಲ್ ರೆಂಡರ್‌ನ ಗುಟ್ಟು ಇರುವುದು ಇಲ್ಲೇ.

ಅಂಗಡಿಯ ಡಿಸ್‌ಪ್ಲೇ ಗೋಡೆ ಮುಂದೆ ನಿಂತು ಟ್ಯೂಬ್‌ಲೈಟ್‌ನ ಪ್ರತಿಬಿಂಬ ನೋಡಿ. ಅದು ಒಂದೇ ನೇರ ಗೆರೆಯಾಗಿ ಕಾಣೋದಿಲ್ಲ. ಒಂದು ಟೈಲ್‌ನಲ್ಲಿ ಸ್ವಲ್ಪ ಮೇಲೆ, ಪಕ್ಕದ ಟೈಲ್‌ನಲ್ಲಿ ಸ್ವಲ್ಪ ಕೆಳಗೆ, ಗ್ರೌಟ್ ಬಂದಲ್ಲೆಲ್ಲ ತುಂಡಾಗಿ ಕಾಣುತ್ತದೆ. ಎಷ್ಟೇ ಒಳ್ಳೆಯ ಮೇಸ್ತ್ರಿ ಕೂರಿಸಿದರೂ ಪ್ರತಿ ಟೈಲ್ ಕೂದಲೆಳೆಯಷ್ಟು ಬೇರೆ ಬೇರೆ ದಿಕ್ಕಿಗೆ ವಾಲಿರುತ್ತದೆ. ಕಣ್ಣಿಗೆ ಆ ವಾಲುವಿಕೆ ಕಾಣೋದಿಲ್ಲ, ಪ್ರತಿಬಿಂಬ ಮುರಿದಿರುವುದು ಮಾತ್ರ ಕಾಣುತ್ತದೆ. ಅದನ್ನು ನೋಡಿಯೇ ಮನಸ್ಸು "ಇದು ಬಿಡಿ ಬಿಡಿ ಟೈಲ್" ಅಂತ ಒಪ್ಪುತ್ತದೆ. ನಮ್ಮ ರೆಂಡರ್‌ನಲ್ಲಿ ಗೋಡೆ ಒಂದೇ ಸಪಾಟು ಹಾಳೆ. ಅದರಲ್ಲಿ ಕಿಟಕಿಯ ಪ್ರತಿಬಿಂಬ ಗ್ರೌಟ್ ದಾಟಿ ನೇರವಾಗಿ ಹೋಗುತ್ತದೆ. ಹಾಗಾಗಿ ಗಾಜು ಅನ್ನಿಸುತ್ತದೆ.

ಲೆಕ್ಕ ನೋಡಿ. ಒಂದು ಟೈಲ್ 0.15 ಡಿಗ್ರಿ ವಾಲಿದರೆ ಪ್ರತಿಬಿಂಬ ಅದರ ಎರಡರಷ್ಟು, 0.3 ಡಿಗ್ರಿ ತಿರುಗುತ್ತದೆ. 2 ಮೀಟರ್ ದೂರದ ಕಿಟಕಿ ಚೌಕಟ್ಟು ಆಗ ಸುಮಾರು 10 ಮಿ.ಮೀ. ಸರಿದ ಹಾಗೆ ಕಾಣುತ್ತದೆ. ಅದೇ ಟೈಲ್‌ನ ಅಂಚು ಗೋಡೆಯಿಂದ ಮುಂದೆ ಬಂದಿರುವುದು 1 ಮಿ.ಮೀ.ಗಿಂತ ಕಡಿಮೆ. ಕೈಯಾಡಿಸಿದರೂ ತಿಳಿಯದಷ್ಟು ಓರೆ, ಆದರೆ ಚಿತ್ರ ಪೂರ್ತಿ ಬದಲಾಗುತ್ತದೆ.

ಮಾಡುವ ಬಗೆ ಹೀಗಿದೆ. ಒಂದು ಟೈಲ್ ಅನ್ನು ನಿಜವಾದ ಅಳತೆಗೆ ಮಾಡಿ, 600×300, ದಪ್ಪ 8 ಮಿ.ಮೀ. ಅಂಚಿಗೆ `Bevel` 1 ಮಿ.ಮೀ. ಕೊಡಿ, ಇಲ್ಲದಿದ್ದರೆ ಅಂಚಿನಲ್ಲಿ ಆ ಸಣ್ಣ ಬೆಳಕಿನ ಗೆರೆ ಬರೋದಿಲ್ಲ. `Array` ಬಳಸಿ ಗೋಡೆ ತುಂಬಿಸಿ, ಎರಡನ್ನೂ `Apply` ಮಾಡಿ. ಎಡಿಟ್ ಮೋಡ್‌ನಲ್ಲಿ ಎಲ್ಲವನ್ನೂ ಆರಿಸಿ `P` ಒತ್ತಿ `By Loose Parts` ಆಯ್ದರೆ ಬಿಡಿ ಟೈಲ್‌ಗಳಾಗುತ್ತವೆ. ಆಮೇಲೆ `Origin to Geometry`, ಕೊನೆಗೆ `Object > Transform > Randomize Transform`. ತಿರುಗುವಿಕೆ 0.15 ಡಿಗ್ರಿ. ಒಂದು ಎಚ್ಚರಿಕೆ: ಗೋಡೆಯಿಂದ ನೇರ ಹೊರಗೆ ಬರುವ ಅಕ್ಷಕ್ಕೆ ಸೊನ್ನೆ ಇಡಿ. ಅಲ್ಲಿ ತಿರುಗಿಸಿದರೆ ಗ್ರೌಟ್ ಗೆರೆಯೇ ಸೊಟ್ಟಗಾಗುತ್ತದೆ. ಹಿಂದೆ, ಟೈಲ್ ಮುಖದಿಂದ 1 ಮಿ.ಮೀ. ಒಳಗೆ, ಒಂದು ಹಾಳೆ ಇಟ್ಟು ಗ್ರೌಟ್ ಬಣ್ಣ ಕೊಡಿ, `Roughness` 0.9.

0.15ಕ್ಕಿಂತ ಜಾಸ್ತಿ ಹೋಗಬೇಡಿ. 0.5 ಕೊಟ್ಟರೆ ಕೆಲಸ ಕೆಟ್ಟ ಮೇಸ್ತ್ರಿಯ ಗೋಡೆ ಥರ ಕಾಣುತ್ತದೆ. ಅಂಗಡಿಯವರು ಅದನ್ನು ಟೈಲ್‌ನ ದೋಷ ಅಂದುಕೊಳ್ಳುತ್ತಾರೆ.

ಇಷ್ಟಾದ ಮೇಲೂ ಟೈಲ್ ಸಪ್ಪೆಯಾಗಿದ್ದರೆ ಅದಕ್ಕೆ ಎದುರಿಗೆ ಏನೂ ಸಿಕ್ಕಿಲ್ಲ ಅಂತ ಅರ್ಥ. ಬೆಳಕಿಗೆ ಅಂತ ಗಾಳಿಯಲ್ಲಿ ತೇಲಿಸಿದ ಏರಿಯಾ ಲೈಟ್ ಇದ್ದರೆ ಟೈಲ್‌ನಲ್ಲೂ ಕನ್ನಡಿಯಲ್ಲೂ ಬಿಳಿ ಚೌಕವಾಗಿ ಕಾಣುತ್ತದೆ. ಕೆಲವರು ಆ ಲೈಟ್‌ನ `Glossy` ಗುರುತು ತೆಗೆದು ಅಡಗಿಸುತ್ತಾರೆ. ಆಗ ಚೌಕದ ಜೊತೆ ಟೈಲ್‌ನ ಹೊಳಪೂ ಹೋಗುತ್ತದೆ. ಲೈಟನ್ನು ಕಿಟಕಿಯ ಜಾಗಕ್ಕೆ, ಇಲ್ಲವೇ ಸೀಲಿಂಗ್ ದೀಪದ ಜಾಗಕ್ಕೆ ಸರಿಸುವುದೇ ಸರಿ.

## ಗ್ರೌಟ್ ಗೆರೆ ದಪ್ಪ, ಅಥವಾ ಕೆಲವೆಡೆ ಮಾಯ

ಹತ್ತಿರದ ಗೋಡೆಗೆ ಬಿಡಿ ಟೈಲ್, ದೂರದ ಗೋಡೆಗೆ `Brick Texture` ಸಾಕು. ಆದರೆ ಆ ನೋಡ್‌ನಲ್ಲಿ ಒಂದು ಮರೆಯುವ ವಿಷಯ ಇದೆ. `Mortar Size` ಅನ್ನು ಅದು ಪ್ರತಿ ಟೈಲ್‌ನ ಎಲ್ಲ ಅಂಚಿಗೂ ಒಳಗಿನಿಂದ ಅಳೆಯುತ್ತದೆ. ಎರಡು ಟೈಲ್ ಸೇರುವಲ್ಲಿ ಅದು ಎರಡರಷ್ಟಾಗುತ್ತದೆ. 2 ಮಿ.ಮೀ. ಸ್ಪೇಸರ್‌ಗೆ 0.002 ಬರೆದರೆ ಗೋಡೆಯಲ್ಲಿ 4 ಮಿ.ಮೀ. ಗ್ರೌಟ್ ಬರುತ್ತದೆ. ನಮ್ಮ ಗೋಡೆಗೆ `Object` ಕೋಆರ್ಡಿನೇಟ್ ಕೊಟ್ಟು ಹೀಗೆ ಬರೆಯಬೇಕು:

```
Offset        0.0
Scale         1.0
Mortar Size   0.001
Mortar Smooth 0.1
Brick Width   0.602
Row Height    0.302
```

`Brick Width` ಅಂದರೆ ಟೈಲ್ ಮತ್ತು ಗ್ರೌಟ್ ಎರಡೂ ಸೇರಿದ ಅಳತೆ. ಅಂಕಿ ಸರಿ ಇದ್ದೂ ಟೈಲ್ ಎಳೆದ ಹಾಗೆ ಕಂಡರೆ `N` ಒತ್ತಿ ಗೋಡೆಯ `Scale` ನೋಡಿ. ಮೂರೂ 1.000 ಇರಬೇಕು. ಇಲ್ಲದಿದ್ದರೆ `Ctrl+A` ಒತ್ತಿ `Scale` ಆಯ್ಕೆ ಮಾಡಿ. ಈ ನೋಡ್ ನೋಡುವುದು `X`, `Y` ಎರಡನ್ನೇ. ಹಾಗಾಗಿ ಗೋಡೆಯನ್ನು ನೆಲದ ಮೇಲೆ ಮಲಗಿದ ಹಾಳೆಯಾಗಿ ಮಾಡಿ ತಿರುಗಿಸಿ ನಿಲ್ಲಿಸಿದ್ದರೆ ತೊಂದರೆ ಇಲ್ಲ. ಅಂಥ ಗೋಡೆಯ ತಿರುಗುವಿಕೆಯನ್ನು ಮಾತ್ರ `Apply` ಮಾಡಬೇಡಿ.

ಇನ್ನು ಮಾಯವಾಗುವ ಗೆರೆ. ಇದಕ್ಕೆ ಮೆಟೀರಿಯಲ್ ಕಾರಣವಲ್ಲ, ಪಿಕ್ಸೆಲ್ ಸಾಲದು. 24 ಮಿ.ಮೀ. ಲೆನ್ಸ್ ಇಟ್ಟು 2 ಮೀಟರ್ ದೂರದಿಂದ ನೋಡಿದರೆ ಚಿತ್ರದ ಅಗಲಕ್ಕೆ 3 ಮೀಟರ್ ಗೋಡೆ ಬರುತ್ತದೆ. 1920 ಪಿಕ್ಸೆಲ್‌ಗೆ ಹಂಚಿದರೆ ಒಂದು ಪಿಕ್ಸೆಲ್‌ಗೆ 1.56 ಮಿ.ಮೀ. ಅಂದರೆ 2 ಮಿ.ಮೀ. ಗ್ರೌಟ್‌ಗೆ ಸಿಗುವುದು ಒಂದು ಕಾಲು ಪಿಕ್ಸೆಲ್. ಕನ್ನಡಿಯೊಳಗೆ ಕಾಣುವ ಎದುರು ಗೋಡೆ ಇನ್ನೂ 1.5 ಮೀಟರ್ ಆಚೆ ಇದ್ದ ಹಾಗೆ. ಅಲ್ಲಿ ಗ್ರೌಟ್‌ಗೆ ಮುಕ್ಕಾಲು ಪಿಕ್ಸೆಲ್ ಕೂಡ ಇಲ್ಲ. ಗೋಡೆಯಲ್ಲಿ ಗೆರೆ ಇದ್ದು ಕನ್ನಡಿಯಲ್ಲಿ ಇಲ್ಲ ಅಂದರೆ ಕಾರಣ ಇದೇ. ವಿಡಿಯೊದಲ್ಲಿ ಈ ಗೆರೆಗಳು ಇರುವೆ ಸಾಲಿನ ಹಾಗೆ ಹರಿದಾಡುತ್ತವೆ.

ರೆಸಲ್ಯೂಷನ್ 200% ಮಾಡಿ ರೆಂಡರ್ ಮಾಡಿ, ಆಮೇಲೆ ಚಿತ್ರವನ್ನು ಅರ್ಧಕ್ಕೆ ಇಳಿಸಿ. ಗೆರೆ ಕಾಣಲಿ ಅಂತ ಗ್ರೌಟ್ ಅನ್ನು 5 ಮಿ.ಮೀ. ಮಾಡುವ ಅಭ್ಯಾಸ ಕೆಲವರಿಗಿದೆ. ನಾನು ಅದನ್ನು ಒಪ್ಪೋದಿಲ್ಲ. ಗಿರಾಕಿ ಆ ಚಿತ್ರವನ್ನೇ ಮೇಸ್ತ್ರಿಗೆ ತೋರಿಸಿ "ಹೀಗೇ ಬೇಕು" ಅಂತಾರೆ.

ಮೇಸ್ತ್ರಿಯ ಮಾತು ಬಂತಲ್ಲ, ಇನ್ನೊಂದು ಹೇಳಬೇಕು. ನಮ್ಮ ಗೋಡೆ 2440 ಮಿ.ಮೀ. ಒಂದು ಮೂಲೆಯಿಂದ ಟೈಲ್ ಜೋಡಿಸುತ್ತಾ ಹೋದರೆ ನಾಲ್ಕು ಪೂರ್ತಿ ಟೈಲ್ ಆಗಿ ಕೊನೆಗೆ 32 ಮಿ.ಮೀ. ಪಟ್ಟಿ ಉಳಿಯುತ್ತದೆ. ಯಾವ ಮೇಸ್ತ್ರಿಯೂ ಅಂಥ ಪಟ್ಟಿ ಕೂರಿಸೋದಿಲ್ಲ, ಕತ್ತರಿಸುವಾಗಲೇ ಒಡೆಯುತ್ತದೆ. ಮಧ್ಯದಲ್ಲಿ ಮೂರು ಪೂರ್ತಿ ಟೈಲ್, ಎರಡೂ ಕೊನೆಗೆ ಸುಮಾರು 316 ಮಿ.ಮೀ. ತುಂಡು ಹಾಕುತ್ತಾರೆ. ರೆಂಡರ್ "ಏನೋ ಸರಿ ಇಲ್ಲ" ಅನ್ನಿಸಲು ಎಷ್ಟೋ ಸಲ ಆ ಮೂಲೆಯ ಪಟ್ಟಿಯೇ ಕಾರಣ. ಕಟಿಂಗ್ ಹೇಗೆ ಬರುತ್ತದೆ ಅಂತ ಗೊತ್ತಾಗದಿದ್ದರೆ ಅಂಗಡಿಗೆ ಬರುವ ಮೇಸ್ತ್ರಿಯನ್ನು ಕೇಳಿ. ಐದು ನಿಮಿಷದಲ್ಲಿ ಕಾಗದದ ಮೇಲೆ ಗೀಚಿ ಕೊಡುತ್ತಾರೆ.

## ಒದ್ದೆ ನೆಲ ಎಣ್ಣೆ ಚೆಲ್ಲಿದ ಹಾಗಿದೆ

ಹೋದ ವರ್ಷ ಒಂದು ಅಂಗಡಿಗೆ ಶವರ್ ಜಾಗದ ಚಿತ್ರ ಮಾಡಿದ್ದೆ. ಇಡೀ ನೆಲಕ್ಕೆ ರಫ್‌ನೆಸ್ ಇಳಿಸಿ, ನಾಯ್ಸ್ ಟೆಕ್ಸ್ಚರ್‌ನಿಂದ ಅಲ್ಲಲ್ಲಿ ಹೊಳಪು ಕೊಟ್ಟಿದ್ದೆ. ಅಂಗಡಿಯವರು ನೋಡಿ "ಯಾರೋ ಎಣ್ಣೆ ಬಟ್ಟೆಯಲ್ಲಿ ಒರೆಸಿದ ಹಾಗಿದೆ" ಅಂದರು. ಸರಿಯಾಗಿಯೇ ಹೇಳಿದ್ದರು. ಮನೆಗೆ ಬಂದು ನಮ್ಮ ಬಾತ್‌ರೂಮ್ ನೆಲಕ್ಕೆ ಒಂದು ತಂಬಿಗೆ ನೀರು ಸುರಿದು ನೋಡುತ್ತಾ ಕೂತೆ. ಆಗ ತಿಳಿದಿದ್ದು ಇದು.

ನೀರಿನ ಅಂಚು ಮಸುಕಾಗಿರೋದಿಲ್ಲ. ಇಲ್ಲಿ ನೀರಿದೆ, ಒಂದು ಮಿ.ಮೀ. ಆಚೆ ಇಲ್ಲ. ನನ್ನ ನಾಯ್ಸ್‌ನಲ್ಲಿ ಹೊಳಪು ನಿಧಾನವಾಗಿ ಕರಗುತ್ತಿತ್ತು, ಎಣ್ಣೆ ಸವರಿದಾಗ ಹಾಗಾಗುತ್ತದೆ. ಇದರ ಪರಿಹಾರ ಸುಲಭ: `Color Ramp` ಹಾಕಿ ಎರಡು ಗುರುತುಗಳನ್ನು ಹತ್ತಿರ ಹತ್ತಿರ ತನ್ನಿ, ಅಂಚು ಚೂಪಾಗುವವರೆಗೆ.

ನೀರು ಎಲ್ಲೆಂದರಲ್ಲಿ ನಿಲ್ಲೋದಿಲ್ಲ. ಬಾತ್‌ರೂಮ್ ನೆಲಕ್ಕೆ ವಾಟ ಕೊಟ್ಟಿರುತ್ತಾರೆ. ನೂರಕ್ಕೆ ಒಂದರ ವಾಟ ಅಂದರೆ ಒಂದೂವರೆ ಮೀಟರ್‌ಗೆ 15 ಮಿ.ಮೀ. ಇಳಿಜಾರು. ನೀರು ನಹಾನಿ ಟ್ರ್ಯಾಪ್ ಕಡೆಗೆ ಬಾಲ ಚಾಚಿಕೊಂಡು ಹರಿದಿರುತ್ತದೆ, ಬೇರೆ ಕಡೆ ಹನಿಗಳಷ್ಟೇ. ಹಾಗಾಗಿ ನೀರಿನ ಮಾಸ್ಕ್ ಅನ್ನು ಕೈಯಲ್ಲೇ ಬರೆಯುವುದು ಒಳ್ಳೆಯದು. ನಾಯ್ಸ್ ಅನ್ನು ಅಂಚು ಒಡೆಯಲು ಮಾತ್ರ ಬಳಸಿ.

ಮುಖ್ಯವಾದದ್ದು ಇನ್ನೂ ಇದೆ. ಗ್ಲಾಸಿ ಟೈಲ್ ಒದ್ದೆಯಾದರೂ ಅದರ ಬಣ್ಣ ಬದಲಾಗೋದಿಲ್ಲ, ಅದು ನೀರು ಕುಡಿಯೋದಿಲ್ಲ. ಕುಡಿಯುವುದು ಗ್ರೌಟ್. ಹಾಗಾಗಿ ಗ್ರೌಟ್ ಕಪ್ಪಾಗುತ್ತದೆ. ನೀರು ಹರಿದು ಹೋದ ಮೇಲೂ ಸ್ವಲ್ಪ ಹೊತ್ತು ಕಪ್ಪಾಗೇ ಇರುತ್ತದೆ. ಹಾಗಾಗಿ ಗ್ರೌಟ್‌ನ ಬಣ್ಣವನ್ನು ಒದ್ದೆ ಜಾಗದಲ್ಲಿ 0.6ರಿಂದ ಗುಣಿಸಿ. ಆ ಮಾಸ್ಕ್ ನೀರಿನ ಮಾಸ್ಕ್‌ಗಿಂತ ಒಂದೆರಡು ಇಂಚು ಅಗಲ ಇರಲಿ. ಮ್ಯಾಟ್ ನೆಲದ ಟೈಲ್‌ನ `Roughness` 0.5 ಇದ್ದರೆ ಹಾಗೇ ಬಿಡಿ. ಅದರ ಮೇಲೆ `Coat` ಅನ್ನು ನೀರಾಗಿ ಬಳಸಿ: `Weight`ಗೆ ನೀರಿನ ಮಾಸ್ಕ್, `Roughness` 0.02, `IOR` 1.33.

ಇಲ್ಲಿ `Coat`ನ `Normal` ಸಾಕೆಟ್ ಅನ್ನು ಟೈಲ್‌ನ ಬಂಪ್‌ಗೆ ಜೋಡಿಸಬೇಡಿ. ನೀರು ನಿಂತಲ್ಲಿ ಗ್ರೌಟ್‌ನ ಕಾಲುವೆ ತುಂಬಿರುತ್ತದೆ, ಮೇಲ್ಮೈ ಒಂದೇ ಮಟ್ಟ. ಒಣ ಗೋಡೆಯಲ್ಲಿ ಪ್ರತಿಬಿಂಬ ಗ್ರೌಟ್‌ನಲ್ಲಿ ಮುರಿಯಬೇಕು ಅಂತ ಮೇಲೆ ಹೇಳಿದೆನಲ್ಲ, ನಿಂತ ನೀರಿನಲ್ಲಿ ಅದು ಮುರಿಯದೆ ಗ್ರೌಟ್ ದಾಟಿ ಹೋಗಬೇಕು. ಈ ಎರಡು ಪಕ್ಕಪಕ್ಕ ಬಂದರೆ ನೆಲ ಒದ್ದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಸಪಾಟು ನೀರಿಗೆ ಇಷ್ಟು ಸಾಕು. ಹನಿಗಳಿಗೆ ಮಾತ್ರ ಬೇರೆ ಮೆಶ್ ಮಾಡಿ. ಹನಿಯ ಕೆಳಗೆ ಕಪ್ಪು ವೃತ್ತ ಕಂಡರೆ ಎರಡು ನೋಡಿ. ಹನಿ ನೆಲಕ್ಕೆ ಬರೀ ತಾಗಿ ನಿಂತಿದೆಯಾ? ಅರ್ಧ ಮಿ.ಮೀ. ಕೆಳಗೆ ಮುಳುಗಿಸಿ. ಆಮೇಲೆ `Face Orientation` ತೆರೆದು ನೋಡಿ, ಹನಿ ಕೆಂಪಾಗಿ ಕಂಡರೆ ಅದರ ನಾರ್ಮಲ್ ತಿರುಗಿದೆ, ಎಡಿಟ್ ಮೋಡ್‌ನಲ್ಲಿ ಎಲ್ಲವನ್ನೂ ಆರಿಸಿ `Shift+N` ಒತ್ತಿ ಸರಿಮಾಡಿ. ಶವರ್ ಗಾಜಿನ ಹಿಂದೆ ಕತ್ತಲಾದರೂ ಇದೇ ಪರೀಕ್ಷೆ.

ನೀರಿನ ವಿಷಯದಲ್ಲಿ ಎರಡು ಎಚ್ಚರಿಕೆ. ಅಂಗಡಿಯಲ್ಲೋ ಮನೆಯಲ್ಲೋ ನೀರು ಸುರಿದು ಫೋಟೊ ತೆಗೆಯುವಾಗ ಎಕ್ಸ್‌ಟೆನ್ಶನ್ ಬೋರ್ಡ್, ಲೈಟ್‌ನ ವೈರ್ ಒದ್ದೆ ನೆಲದ ಮೇಲೆ ಇರಬಾರದು. ಬ್ಯಾಟರಿ ಲೈಟ್ ಬಳಸಿ. ಇನ್ನೊಂದು, ಗೋಡೆಯ ಗ್ಲಾಸಿ ಟೈಲ್ ಅನ್ನು ಚೆಂದ ಕಾಣುತ್ತದೆ ಅಂತ ಒದ್ದೆ ನೆಲಕ್ಕೆ ಹಾಕಿ ರೆಂಡರ್ ಕೊಡಬೇಡಿ. ಗಿರಾಕಿ ಅದನ್ನೇ ಆರಿಸುತ್ತಾರೆ, ಮನೆಯಲ್ಲಿ ವಯಸ್ಸಾದವರು ಅದರ ಮೇಲೆ ನಡೆಯುತ್ತಾರೆ. ಅಂಗಡಿಯವರು ಹಾಗೆ ಕೇಳಿದರೂ ನಾನು ಬೇಡ ಅಂತಲೇ ಹೇಳುತ್ತೇನೆ.

## ಬಿಳಿ ಚುಕ್ಕಿಗಳು, ಅಥವಾ ಬಣ್ಣ ಬಳಿದ ಹಾಗೆ ಮಸುಕಾದ ಗ್ರೌಟ್

ಚುಕ್ಕಿ ಬಂದ ತಕ್ಷಣ ಸ್ಯಾಂಪಲ್ ಏರಿಸಬೇಡಿ. ಮೊದಲು ದೀಪದ ಗಾತ್ರ ನೋಡಿ. ಸ್ಪಾಟ್‌ಲೈಟ್‌ನ `Radius` ಸೊನ್ನೆ ಇದ್ದರೆ ಅದನ್ನು ನಿಜವಾದ ದೀಪದಷ್ಟು, 40 ಮಿ.ಮೀ. ಮಾಡಿ. ಟೈಲ್‌ನ `Roughness` ಸೊನ್ನೆ ಇದ್ದರೆ 0.05 ಮಾಡಿ, ಗ್ಲೇಝ್ ಕನ್ನಡಿಯಷ್ಟು ನುಣುಪಿರೋದಿಲ್ಲ. ಆಗಲೂ ಉಳಿದರೆ `Clamp` ಒಳಗಿನ `Indirect Light` 10 ಇರುವುದನ್ನು 5 ಮಾಡಿ, ಬೇಕಾದರೆ 3. ಅದಕ್ಕಿಂತ ಇಳಿಸಿದರೆ ಕನ್ನಡಿಯೊಳಗಿನ ಟೈಲ್ ಮೇಲೆ ದೀಪದ ಹೊಳಪು ಸಾಯುತ್ತದೆ. ಕನ್ನಡಿ ಮಂಕಾಯಿತು ಅಂದರೆ ಅಲ್ಲಿಗೆ ನಿಲ್ಲಿಸಿ.

ಗ್ರೌಟ್ ಮಸುಕಾಗಿದ್ದರೆ ಡಿನಾಯ್ಸ್ ಆಫ್ ಮಾಡಿ ಅದೇ ಚೌಕ ರೆಂಡರ್ ಮಾಡಿ. ಕಾಳು ಕಾಳಿನ ನಡುವೆ ಗೆರೆ ಕಾಣುತ್ತಿದ್ದರೆ ಡಿನಾಯ್ಸರ್ ಅದನ್ನು ಒರೆಸಿದೆ. ಆಗ `Passes` ಅನ್ನು `Albedo and Normal`, `Prefilter` ಅನ್ನು `Accurate` ಮಾಡಿ, `Noise Threshold` 0.01ರಿಂದ 0.005ಕ್ಕೆ ಇಳಿಸಿ. ಕಾಳಿನ ನಡುವೆಯೂ ಗೆರೆ ಕಾಣದಿದ್ದರೆ ಡಿನಾಯ್ಸರ್ ತಪ್ಪಲ್ಲ, ಮೇಲಿನ ಪಿಕ್ಸೆಲ್ ಲೆಕ್ಕಕ್ಕೆ ವಾಪಸ್ ಹೋಗಿ.

## ಬಿಳಿ ಟೈಲ್ ಬೂದಾಗಿ ಕಾಣುತ್ತದೆ

ಬ್ಲೆಂಡರ್ 4.0ರಿಂದ `View Transform` ಮೊದಲಿಗೆ `AgX` ಇರುತ್ತದೆ. ಅದು ಜೋರು ಬೆಳಕನ್ನು ಮೆತ್ತಗೆ ಮಾಡುತ್ತದೆ, ಜೊತೆಗೆ ಬಿಳಿಯನ್ನೂ ಗಾಢ ಬಣ್ಣವನ್ನೂ ತಗ್ಗಿಸುತ್ತದೆ. ಅದನ್ನು ಸರಿಮಾಡಲು ಟೈಲ್‌ನ ಬಣ್ಣವನ್ನು 1.0ಗೆ ಏರಿಸಬೇಡಿ. ಕೋಣೆಯ ಮೂಲೆಗಳೆಲ್ಲ ಹೊಳೆದು ನೆರಳೇ ಉಳಿಯೋದಿಲ್ಲ. ಬಿಳಿ ಟೈಲ್‌ಗೆ 0.8 ಸರಿ. `Exposure` ಅನ್ನು ಅರ್ಧ ಅರ್ಧವಾಗಿ ಏರಿಸಿ ನೋಡಿ. ಟೈಲ್ ಬಣ್ಣ ಹೋಲಿಸಲು ಮಾತ್ರ ಒಂದು ಚಿತ್ರವನ್ನು `Standard`ನಲ್ಲಿ ತೆಗೆಯಿರಿ. ಬಣ್ಣದ ಕೊನೆಯ ತೀರ್ಮಾನಕ್ಕೆ ಗಿರಾಕಿಯ ಕೈಗೆ ಟೈಲ್‌ನ ಸ್ಯಾಂಪಲ್ ಪೀಸ್ ಕೊಡಿ, ಅವರ ಮೊಬೈಲ್ ಪರದೆಯ ಬಣ್ಣ ನಿಮ್ಮ ಕೈಯಲ್ಲಿಲ್ಲ.

## ರೆಂಡರ್ ಅರ್ಧಕ್ಕೆ ನಿಲ್ಲುತ್ತದೆ, ಅಥವಾ ಕಂಪ್ಯೂಟರ್ ಆಫ್ ಆಗುತ್ತದೆ

ಇವೆರಡನ್ನೂ ಬೇರೆ ಮಾಡಿ ನೋಡಬೇಕು. ಬ್ಲೆಂಡರ್ ಮೆಮೊರಿ ಸಾಲದು ಅಂತ ಹೇಳಿ ನಿಂತರೆ ಅಪಾಯವಿಲ್ಲ. 4096×4096 ಅಳತೆಯ ಒಂದು ಚಿತ್ರ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಸುಮಾರು 64 ಎಂ.ಬಿ. ಹಿಡಿಯುತ್ತದೆ, ಇಪ್ಪತ್ತು ಚಿತ್ರಕ್ಕೆ 1.3 ಜಿ.ಬಿ. ಹತ್ತಿರ. `Simplify` ಒಳಗೆ ಟೆಕ್ಸ್ಚರ್ ಮಿತಿ 2048 ಇಡಿ. ಬಿಡಿ ಟೈಲ್‌ಗಳನ್ನು ಬೇರೆ ಗೋಡೆಗೆ ಒಯ್ಯುವಾಗ `Shift+D` ಬದಲು `Alt+D` ಬಳಸಿ, ಆಗ ನಕಲಿಗೂ ಅದರ ಮೂಲಕ್ಕೂ ಒಂದೇ ಮೆಶ್ ಇರುತ್ತದೆ.

ಯಾವ ಸಂದೇಶವೂ ಇಲ್ಲದೆ ಕಂಪ್ಯೂಟರೇ ಆಫ್ ಆದರೆ ಅದು ಬಿಸಿ ಅಥವಾ ಪವರ್ ಸಪ್ಲೈ. ಲ್ಯಾಪ್‌ಟಾಪ್ ಅನ್ನು ಹಾಸಿಗೆ ಮೇಲಿಂದ ಎತ್ತಿ ಗಟ್ಟಿ ಮೇಜಿನ ಮೇಲಿಡಿ. ಆಫ್ ಮಾಡಿ ಫ್ಯಾನ್ ಕಿಂಡಿಯ ಧೂಳು ತೆಗೆಯಿರಿ. ರೆಂಡರ್ ಮಾಡುವಾಗ ತಾಪಮಾನ ನೋಡುತ್ತಿರಿ, 90 ಡಿಗ್ರಿ ದಾಟಿ ಏರುತ್ತಲೇ ಇದ್ದರೆ ನಿಲ್ಲಿಸಿ. ಮತ್ತೆ ಆಫ್ ಆದರೆ ಇನ್ನೊಂದು ಸಲ ಪ್ರಯತ್ನ ಬೇಡ, ರಿಪೇರಿಯವರಿಗೆ ತೋರಿಸಿ. ಡೆಸ್ಕ್‌ಟಾಪ್‌ನ ಪವರ್ ಸಪ್ಲೈ ಡಬ್ಬಿಯನ್ನು ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು. ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್ ಉಬ್ಬಿದ್ದರೆ ಬ್ಯಾಟರಿ ಊದಿದೆ. ಚಾರ್ಜರ್ ತೆಗೆದು ಆಫ್ ಮಾಡಿ, ಒತ್ತಬೇಡಿ, ಅವತ್ತೇ ಸರ್ವಿಸ್‌ಗೆ ಕೊಡಿ.